ವಿದ್ಯುತ್ ಬಿಲ್ಲಿನ ಛಾಯಾಚಿತ್ರವನ್ನು ಓದುವ ಪ್ರಶ್ನೆ: ಒಂದು ಸಮೀಕ್ಷೆ

ಪ್ರಶ್ನೆಯ ಸ್ವರೂಪ

ಮೀಟರ್ ರೀಡರು ತಿಂಗಳಿಗೊಮ್ಮೆ ಮನೆಯ ಬಾಗಿಲಿಗೆ ಬಂದು, ಮಾಪಕವನ್ನು ನೋಡಿ, ಕೈಯೊಳಗಿನ ಪುಟ್ಟ ಯಂತ್ರದಲ್ಲಿ ಅಂಕಿಯನ್ನು ಒತ್ತಿ, ಅಲ್ಲಿಯೇ ಮುದ್ರಿಸಿ ಹರಿದು ಕೊಡುವ ಕರೆಂಟ್ ಬಿಲ್ಲು ನೋಡಲು ಒಂದು ಗೇಣುದ್ದದ ಚೀಟಿಯಾದರೂ, ಅದರಲ್ಲಿ ಗ್ರಾಹಕನಿಗೂ ಕಂಪನಿಗೂ ನಡುವಣ ಒಂದು ತಿಂಗಳ ಲೆಕ್ಕವೆಲ್ಲವೂ ಅಡಗಿರುತ್ತದೆ. ಈ ಚೀಟಿಯನ್ನು ಮೊಬೈಲಿನಲ್ಲಿ ಚಿತ್ರ ತೆಗೆದರೆ, ಬಳಕೆಯಾದ ಯೂನಿಟ್ಟುಗಳು, ಸ್ಲ್ಯಾಬ್‌ವಾರು ಶುಲ್ಕ, ಹಿಂದಿನ ಬಾಕಿ, ಪಾವತಿಯ ಕೊನೆಯ ದಿನಾಂಕ ಎಂಬ ನಾಲ್ಕು ಸಂಗತಿಗಳನ್ನು ಯಂತ್ರವು ತಪ್ಪಿಲ್ಲದೆ ಎತ್ತಿಕೊಳ್ಳಬಲ್ಲುದೆ, ಎತ್ತಿಕೊಂಡಿತೆಂದಾದರೆ ಅದು ಸರಿಯಾಗಿದೆಯೆಂಬುದನ್ನು ನಾವು ಯಾವ ಪ್ರಮಾಣದಿಂದ ನಿರ್ಣಯಿಸಬೇಕು ಎಂಬುದೇ ಇಲ್ಲಿ ವಿಚಾರಕ್ಕೆ ತೆಗೆದುಕೊಂಡ ಪ್ರಶ್ನೆ.

ಖಾತೆಯ ಸಂಖ್ಯೆಯನ್ನು ಕೊಟ್ಟರೆ ಭಾರತ್ ಬಿಲ್ ಪಾವತಿ ವ್ಯವಸ್ಥೆಯ ಮೂಲಕ ಮೊತ್ತವೂ ಕೊನೆಯ ದಿನಾಂಕವೂ ತಾವಾಗಿಯೇ ಪರದೆಯ ಮೇಲೆ ಮೂಡುವ ಈ ಕಾಲದಲ್ಲಿ ಚಿತ್ರದ ಹಂಗೇಕೆಂದು ಯಾರಾದರೂ ಕೇಳಬಹುದು. ಹಣ ಕಟ್ಟುವುದೊಂದೇ ಉದ್ದೇಶವಾಗಿದ್ದಲ್ಲಿ ಆ ಆಕ್ಷೇಪಕ್ಕೆ ಉತ್ತರವಿಲ್ಲ. ಆದರೆ ಎಷ್ಟು ಯೂನಿಟ್ಟು ಖರ್ಚಾಯಿತು, ಯಾವ ದರದಲ್ಲಿ ಎಷ್ಟು ಬಿತ್ತು, ಮೊತ್ತದಲ್ಲಿ ಈ ತಿಂಗಳದೆಷ್ಟು ಹಳೆಯ ಬಾಕಿಯೆಷ್ಟು ಎಂಬ ಒಳವಿವರ ಆ ಮಾರ್ಗದಲ್ಲಿ ಸಾಮಾನ್ಯವಾಗಿ ಬರುವುದಿಲ್ಲ. ಒಂದೇ ಮೀಟರಿನ ಬಿಲ್ಲನ್ನು ಮೂರು ಬಾಡಿಗೆಮನೆಗಳಿಗೆ ಹಂಚಬೇಕಾದ ಮಾಲೀಕನಿಗೂ, ಹತ್ತಾರು ಅಂಗಡಿಗಳ ವಿದ್ಯುತ್ ವೆಚ್ಚವನ್ನು ಪುಸ್ತಕಕ್ಕೇರಿಸುವ ಗುಮಾಸ್ತನಿಗೂ, ಗೃಹಜ್ಯೋತಿಯ ಮಿತಿಯನ್ನು ತನ್ನ ಬಳಕೆ ಮೀರಿತೋ ಇಲ್ಲವೋ ಎಂದು ನೋಡುವ ಗೃಹಿಣಿಗೂ ಬೇಕಾದುದು ಆ ಒಳವಿವರವೇ. ಅದಿರುವುದು ಚೀಟಿಯ ಮೇಲೆ.

ಪೂರ್ವಚರಿತ್ರೆ

ಮುದ್ರಿತ ಅಂಕಿಯನ್ನು ಯಂತ್ರದಿಂದ ಓದಿಸುವ ಯತ್ನ ಹೊಸದಲ್ಲ. ಗುಸ್ತಾವ್ ಟೌಶೆಕ್ ಎಂಬ ಆಸ್ಟ್ರಿಯದ ಎಂಜಿನಿಯರನು ಓದುವ ಯಂತ್ರವೊಂದಕ್ಕೆ ಜರ್ಮನಿಯಲ್ಲಿ 1929ರಲ್ಲಿಯೇ ಹಕ್ಕುಪತ್ರ ಪಡೆದಿದ್ದನು. ಮೊದಮೊದಲು ಮಾನವನು ಯಂತ್ರದ ಅನುಕೂಲಕ್ಕೆ ತಲೆಬಾಗಿ ಅಕ್ಷರದ ಆಕಾರವನ್ನೇ ಬದಲಿಸಿದನು; 1968ರ ಒಸಿಆರ್-ಎ, ಒಸಿಆರ್-ಬಿ ಎಂಬ ಅಚ್ಚಿನ ಮೊಳೆಗಳು ಆ ರಾಜಿಯ ಫಲಗಳು. ಯಾವ ಅಚ್ಚಿನ ಅಕ್ಷರವನ್ನಾದರೂ ಓದಬಲ್ಲ ಯಂತ್ರವನ್ನು ಅಂಧರಿಗಾಗಿ ರೇ ಕುರ್ಜ್‌ವೈಲ್ 1976ರಲ್ಲಿ ಹೊರತಂದ ಮೇಲೆ ಹೊರೆ ಅಕ್ಷರದಿಂದ ಯಂತ್ರಕ್ಕೆ ವರ್ಗವಾಯಿತು. ಇಂದು ಯಾರ ಕೈಗೂ ಉಚಿತವಾಗಿ ದೊರೆಯುವ ಟೆಸೆರಾಕ್ಟ್ ಎಂಬ ತಂತ್ರಾಂಶವು 1980ರ ದಶಕದಲ್ಲಿ ಹ್ಯೂಲೆಟ್-ಪ್ಯಾಕರ್ಡ್ ಸಂಸ್ಥೆಯ ಬ್ರಿಸ್ಟಲ್ ಪ್ರಯೋಗಶಾಲೆಯಲ್ಲಿ ಹುಟ್ಟಿ, 2005ರಲ್ಲಿ ಮುಕ್ತವಾಗಿ, 2018ರ ನಾಲ್ಕನೆಯ ಆವೃತ್ತಿಯಲ್ಲಿ ನರಜಾಲದ ವಿಧಾನವನ್ನು ಅಂಗೀಕರಿಸಿತು.

ಕನ್ನಡದ ಮಟ್ಟಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ. ಜಿ. ರಾಮಕೃಷ್ಣನ್ ಅವರ ಬಳಗವು ಈ ವಿಷಯದಲ್ಲಿ ದೀರ್ಘಕಾಲ ದುಡಿದಿದ್ದು, ಕನ್ನಡ ಲಿಪಿಯ ಮುದ್ರಿತ ಗ್ರಂಥಗಳನ್ನು ಓದುವ ‘ಲಿಪಿ ಜ್ಞಾನಿ’ ಅಲ್ಲಿನದು. ಛಾಯಾಚಿತ್ರದಲ್ಲಿ ಸಿಕ್ಕಿಬಿದ್ದ ಅಕ್ಷರಗಳ ಸಂಗ್ರಹವಾದ ಚಾರ್ಸ್74ಕೆ ಎಂಬುದು 2009ರಲ್ಲಿ ಪ್ರಕಟವಾದಾಗ, ಅದರ ಛಾಯಾಚಿತ್ರಗಳಲ್ಲಿನ ಇಂಗ್ಲಿಷ್ ಮತ್ತು ಕನ್ನಡ ಅಕ್ಷರಗಳು ಬೆಂಗಳೂರಿನ ಬೀದಿಗಳಿಂದಲೇ ಬಂದವಾಗಿದ್ದವು. ಆದರೆ ಗ್ರಂಥದ ಪುಟವನ್ನು ಓದುವುದು ಬೇರೆ, ಬಿಲ್ಲನ್ನು ಓದುವುದು ಬೇರೆ. ಗ್ರಂಥದಲ್ಲಿ ಒಂದಕ್ಷರ ತಪ್ಪಿದರೂ ವಾಕ್ಯದ ಅರ್ಥ ಅದನ್ನು ಸರಿಪಡಿಸುತ್ತದೆ. ಬಿಲ್ಲಿನಲ್ಲಿ ಒಂದಂಕಿ ತಪ್ಪಿದರೆ ಅದೂ ಒಂದು ಸಾಧುವಾದ ಸಂಖ್ಯೆಯೇ ಆಗಿರುವುದರಿಂದ ತಪ್ಪು ತಪ್ಪಾಗಿ ಕಾಣುವುದಿಲ್ಲ.

ಇದರ ಪರಿಣಾಮವನ್ನು ಒಂದು ಸರಳ ಗಣನೆಯಿಂದ ತಿಳಿಯಬಹುದು. ನೂರಕ್ಕೆ ತೊಂಬತ್ತೊಂಬತ್ತು ಅಂಕಿಗಳನ್ನು ಸರಿಯಾಗಿ ಓದುವ ಯಂತ್ರವೆಂದರೆ ಕೇಳುವುದಕ್ಕೆ ಉತ್ತಮವಾಗಿಯೇ ಇದೆ. ಆದರೆ ನಮಗೆ ಬೇಕಾದ ಅಂಕಿಗಳು ಒಂದು ಬಿಲ್ಲಿನಲ್ಲಿ ಅರುವತ್ತಿದ್ದು, ತಪ್ಪುಗಳು ಪರಸ್ಪರ ಸಂಬಂಧವಿಲ್ಲದೆ ಬೀಳುವುವೆಂದು ಭಾವಿಸಿದರೆ, ಇಡೀ ಬಿಲ್ಲು ನಿರ್ದೋಷವಾಗಿ ಬರುವ ಸಂಭವ ನೂರಕ್ಕೆ ಸುಮಾರು 55 ಮಾತ್ರ.

ಕಾಗದ ಮಾಡುವ ಕೇಡು

ಬಿಲ್ಲನ್ನು ಓದಿಸುವ ವಿಧಾನದಲ್ಲಿ ಭಿನ್ನವಾದ ಪಂಥಗಳ ವಿಚಾರಕ್ಕೆ ಹೋಗುವ ಮುನ್ನ ಕಾಗದವನ್ನೂ ಚಿತ್ರವನ್ನೂ ಕುರಿತು ಎರಡು ಮಾತು ಅವಶ್ಯ, ಏಕೆಂದರೆ ತಪ್ಪುಗಳ ಬಹುಪಾಲು ಹುಟ್ಟುವುದು ಅಲ್ಲಿಯೇ. ಸ್ಥಳದಲ್ಲಿಯೇ ಕೊಡುವ ಬಿಲ್ಲು ಬಹುಮಟ್ಟಿಗೆ ಉಷ್ಣಮುದ್ರಣದ ಕಾಗದದ್ದು. ಅದರಲ್ಲಿ ಶಾಯಿಯಿಲ್ಲ, ಕಾಗದಕ್ಕೆ ಬಳಿದ ರಾಸಾಯನಿಕವನ್ನು ಮುದ್ರಕದ ಸಣ್ಣ ಸಣ್ಣ ಕಾವಿನ ಬಿಂದುಗಳು ಕಪ್ಪಾಗಿಸುತ್ತವೆ. ಬಿಸಿಲು, ಬೆವರು, ಅಡುಗೆಯೆಣ್ಣೆ ಇವುಗಳಲ್ಲಿ ಯಾವುದು ತಾಗಿದರೂ ಕಪ್ಪು ಬೂದಿಯಾಗಿ, ಬೂದಿ ಬಿಳಿಯಾಗುತ್ತದೆ. ಇನ್ನೊಂದು ಕೇಡು ಇದಕ್ಕಿಂತ ಸೂಕ್ಷ್ಮವಾದುದು. ಮುದ್ರಕದ ಸಾಲಿನಲ್ಲಿ ಕಾವಿನ ಬಿಂದುವೊಂದು ಕೆಟ್ಟರೆ, ಚೀಟಿಯ ಉದ್ದಕ್ಕೂ ಒಂದೇ ಸ್ಥಾನದಲ್ಲಿ ಸಣ್ಣ ಬಿಳಿಯ ಗೆರೆ ಇಳಿದುಬರುತ್ತದೆ. ಆ ಗೆರೆ ಎಂಟರ ಎಡಮಗ್ಗುಲನ್ನು ಸವರಿಕೊಂಡು ಹೋದರೆ ಅದು ಮೂರಾಗಿ ಉಳಿಯುತ್ತದೆ. ಮೇಲಿನ ಸಾಲಿನಲ್ಲಿಯೂ ಕೆಳಗಿನ ಸಾಲಿನಲ್ಲಿಯೂ ಒಂದೇ ನೇರದಲ್ಲಿ ಸಂದೇಹ ಕಂಡಿತೆಂದರೆ ದೋಷ ಓದುವ ಯಂತ್ರದ್ದಲ್ಲ, ಮುದ್ರಕದ್ದು ಎಂದು ತಿಳಿಯಬಹುದು.

ಚಿತ್ರದ ಗಾತ್ರವೂ ಉಪೇಕ್ಷಿಸತಕ್ಕದ್ದಲ್ಲ. ಇಪ್ಪತ್ತು ಸೆಂಟಿಮೀಟರ್ ಉದ್ದದ ಚೀಟಿಯನ್ನು ಉದ್ದದಲ್ಲಿ 4000 ಬಿಂದುಗಳಿರುವ ಚಿತ್ರದಲ್ಲಿ ಪೂರ್ತಿಯಾಗಿ ತುಂಬಿಸಿದರೆ, ಎರಡೂವರೆ ಮಿಲಿಮೀಟರ್ ಎತ್ತರದ ಅಂಕಿಗೆ 50 ಬಿಂದುಗಳು ದೊರೆಯುತ್ತವೆ, ಅದು ಧಾರಾಳ. ಅದೇ ಚಿತ್ರವನ್ನು ವಾಟ್ಸಾಪಿನಲ್ಲಿ ಕಳುಹಿಸಿದಾಗ ಅದು ಸಾಮಾನ್ಯವಾಗಿ ಸುಮಾರು 1600 ಬಿಂದುಗಳಿಗೆ ಕುಗ್ಗುವುದರಿಂದ ಅಂಕಿಗೆ ಉಳಿಯುವುದು 20 ಬಿಂದು. ಟೆಸೆರಾಕ್ಟಿನಂತಹ ಸಾಧನಗಳಿಗೆ ಅದು ಕಡೆಯ ಮೆಟ್ಟಿಲು. ಅಲ್ಲಿಂದ ಕೆಳಕ್ಕೆ ಆರಕ್ಕೂ ಎಂಟಕ್ಕೂ, ದಶಮಾಂಶದ ಚುಕ್ಕೆಗೂ ಕಾಗದದ ಕಲೆಗೂ ಭೇದವುಳಿಯದು. ಚೀಟಿಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಹರಡಿ, ಫ್ಲಾಶ್ ಇಲ್ಲದೆ, ಕಿಟಕಿಯ ಬೆಳಕಿನಲ್ಲಿ ಚಿತ್ರ ತೆಗೆದು, ಕುಗ್ಗಿಸದೆ ಕಳುಹಿಸಿದರೆ ಆಗುವ ಲಾಭವು ಮುಂದೆ ಮಾಡುವ ಯಾವ ಸಂಸ್ಕಾರದಿಂದಲೂ ದೊರೆಯದು.

ಸ್ಥಾನವನ್ನು ನಂಬುವವರು, ಹೆಸರನ್ನು ಹಿಡಿಯುವವರು

ಮೊದಲನೆಯ ಪಂಥದವರು ಹೇಳುವುದಿಷ್ಟು: ಒಂದು ಕಂಪನಿಯ ಬಿಲ್ಲಿನ ವಿನ್ಯಾಸ ಒಂದೇ ಆಗಿರುವಾಗ, ಚೀಟಿಯ ನಾಲ್ಕು ಮೂಲೆಗಳನ್ನು ಗುರುತಿಸಿ ಚಿತ್ರವನ್ನು ನೇರಮಾಡಿಕೊಂಡರೆ, ಯಾವ ಚೌಕದಲ್ಲಿ ಯಾವ ಸಂಖ್ಯೆಯಿದೆಯೆಂಬುದು ಪೂರ್ವನಿಶ್ಚಿತ. ಒಂದೇ ಉಪವಿಭಾಗದ ಬಿಲ್ಲುಗಳನ್ನಷ್ಟೇ ಓದಬೇಕಾದಲ್ಲಿ ಈ ಮಾರ್ಗಕ್ಕೆ ಸಮನಾದ ವೇಗವೂ ಮಿತವ್ಯಯವೂ ಬೇರೊಂದಕ್ಕಿಲ್ಲ. ಆದರೆ ಶೀರ್ಷಿಕೆಗಳನ್ನು ಮೊದಲೇ ಅಚ್ಚುಮಾಡಿದ ಕಾಗದದ ಮೇಲೆ ಅಂಕಿಗಳನ್ನು ಆಮೇಲೆ ಮುದ್ರಿಸುವಲ್ಲಿ ಸುರುಳಿ ಅರ್ಧ ಸಾಲು ಜಾರಿದರೆ, ‘ಬಡ್ಡಿ’ಯ ಚೌಕದಲ್ಲಿ ತೆರಿಗೆ ಕುಳಿತುಕೊಳ್ಳುತ್ತದೆ. ಅದಲ್ಲದೆ ಕರ್ನಾಟಕದಲ್ಲಿಯೇ ಬೆಂಗಳೂರು, ಮಂಗಳೂರು, ಹುಬ್ಬಳ್ಳಿ, ಕಲಬುರಗಿ, ಮೈಸೂರು ಎಂದು ಐದು ವಿತರಣಾ ಕಂಪನಿಗಳಿವೆ. ಅವುಗಳ ಬಿಲ್ಲು ಆಗಾಗ್ಗೆ ರೂಪ ಬದಲಿಸುತ್ತದೆ.

ಈ ನ್ಯೂನತೆಯನ್ನು ಕಂಡು ಎರಡನೆಯ ಪಂಥದವರು ಸ್ಥಾನವನ್ನು ಬಿಟ್ಟು ಹೆಸರನ್ನು ಹಿಡಿದರು. ಚಿತ್ರದಲ್ಲಿರುವ ಪದಗಳನ್ನೆಲ್ಲ ಮೊದಲು ಓದಿಸಿ, ‘ಇಂದಿನ ಮಾಪನ’, ‘ಹಿಂದಿನ ಮಾಪನ’, ‘ಬಳಕೆ’, ‘ನಿಗದಿತ ಶುಲ್ಕ’, ‘ಬಾಕಿ’ ಎಂಬ ಶೀರ್ಷಿಕೆಗಳನ್ನು ಹುಡುಕಿ, ಅದೇ ಸಾಲಿನ ಬಲಗಡೆಯ ಸಂಖ್ಯೆಯನ್ನು ಎತ್ತಿಕೊಳ್ಳುವುದು ಇವರ ಕ್ರಮ. ಶೀರ್ಷಿಕೆಯಲ್ಲಿ ಒಂದೆರಡಕ್ಷರ ಕೆಟ್ಟಿದ್ದರೂ ಸಮೀಪದ ಹೋಲಿಕೆಯಿಂದ ಅದನ್ನು ಗುರುತಿಸಬಹುದಾದ್ದರಿಂದ ಈ ಮಾರ್ಗ ಸಹನಶೀಲವಾದುದು. ಕನ್ನಡದ ಬಿಲ್ಲಿನಲ್ಲಿ ಇದಕ್ಕೆ ವಿಶಿಷ್ಟವಾದ ತೊಡಕೊಂದುಂಟು. ಶೀರ್ಷಿಕೆ ಕನ್ನಡದಲ್ಲಿಯೂ ಅಂಕಿಗಳು ಇಂಗ್ಲಿಷ್ ರೂಪದಲ್ಲಿಯೂ ಇರುವುದರಿಂದ, ಎರಡೂ ಲಿಪಿಗಳನ್ನು ಒಟ್ಟಿಗೆ ಓದುವಂತೆ ಯಂತ್ರಕ್ಕೆ ಹೇಳಿದರೆ ಅದು ಸೊನ್ನೆಯನ್ನು ಒಮ್ಮೆ ಕನ್ನಡದ ಸೊನ್ನೆಯೆಂದೂ ಒಮ್ಮೆ ಅನುಸ್ವಾರವೆಂದೂ ಓದುತ್ತದೆ. ಇದಕ್ಕೆ ಅನುಭವಸ್ಥರು ಕಂಡುಕೊಂಡ ಪರಿಹಾರ, ಶೀರ್ಷಿಕೆಯ ಭಾಗವನ್ನು ಕನ್ನಡದಲ್ಲಿ ಒಮ್ಮೆ ಓದಿಸಿ, ಸಂಖ್ಯೆಯ ಭಾಗವನ್ನು ಬೇರೆಯಾಗಿ ಕತ್ತರಿಸಿ ಹತ್ತು ಅಂಕಿ, ಚುಕ್ಕೆ, ಋಣಚಿಹ್ನೆ ಇಷ್ಟಕ್ಕೇ ಸೀಮಿತಗೊಳಿಸಿ ಮತ್ತೊಮ್ಮೆ ಓದಿಸುವುದು. ಎರಡು ಬಾರಿಯ ಶ್ರಮವಾದರೂ ಇದರಿಂದ ತಪ್ಪುಗಳ ಒಂದು ಕುಲವೇ ನಿರ್ಮೂಲವಾಗುತ್ತದೆ.

ಕಲಿತು ಓದುವವರು

ಮೂರನೆಯ ಪಂಥ ಹತ್ತು ವರ್ಷಗಳೀಚಿನದು. ನಿಯಮಗಳನ್ನು ಮನುಷ್ಯನು ಬರೆಯುವುದರ ಬದಲು ನೂರಾರು ಬಿಲ್ಲುಗಳ ಮೇಲೆ ‘ಇದು ಬಾಕಿ, ಇದು ದಿನಾಂಕ’ ಎಂದು ಗುರುತು ಹಾಕಿ ಕೊಟ್ಟರೆ ಯಂತ್ರವು ಪದವನ್ನೂ ಅದರ ಸ್ಥಾನವನ್ನೂ ಕೂಡಿಸಿ ತಾನೇ ಕಲಿಯುತ್ತದೆಂಬುದು ಇವರ ಸಿದ್ಧಾಂತ. ಮೈಕ್ರೋಸಾಫ್ಟ್ ಸಂಶೋಧಕರ ಲೇಔಟ್‌ಎಲ್‌ಎಂ ಇದರ ಪ್ರಸಿದ್ಧ ನಿದರ್ಶನ. 2019ರಲ್ಲಿ ನಡೆದ ರಸೀದಿ ಓದುವ ಅಂತರರಾಷ್ಟ್ರೀಯ ಸ್ಪರ್ಧೆಯೊಂದು ಸಾವಿರ ಅಂಗಡಿರಸೀದಿಗಳನ್ನು ಒದಗಿಸಿ ಈ ಮಾರ್ಗಕ್ಕೆ ಪುಷ್ಟಿ ಕೊಟ್ಟಿತು. ಇದರಿಂದ ಮುಂದೆ ಸಾಗಿ, ದಕ್ಷಿಣ ಕೊರಿಯದ ನೇವರ್ ಸಂಸ್ಥೆಯವರ ‘ಡೋನಟ್’ ಎಂಬ ಮಾದರಿಯು ಅಕ್ಷರಗಳನ್ನು ಪ್ರತ್ಯೇಕವಾಗಿ ಓದುವ ಹಂತವನ್ನೇ ತೆಗೆದುಹಾಕಿ, ಚಿತ್ರದಿಂದ ನೇರವಾಗಿ ಉತ್ತರವನ್ನು ಬರೆಯಿಸಿತು. ಇಂದಿನ ಬೃಹತ್ ದೃಶ್ಯಭಾಷಾ ಮಾದರಿಗಳು ಅದೇ ದಾರಿಯ ಮುಂದಿನ ಮಜಲು. ಹಿಂದೆಂದೂ ನೋಡದ ಕಂಪನಿಯ ಬಿಲ್ಲನ್ನು, ಮಡಿಸಿದ ಕಾಗದವನ್ನು, ಓರೆಯಾದ ಚಿತ್ರವನ್ನು ಇವು ನಿಭಾಯಿಸುವ ಪರಿ ಹಿಂದಿನ ಎರಡು ಪಂಥಗಳಿಗೂ ಸಾಧ್ಯವಿಲ್ಲದ್ದು.

ಈ ಸಾಮರ್ಥ್ಯಕ್ಕೆ ಒಂದು ಗಂಭೀರವಾದ ಬೆಲೆಯುಂಟು. ಹಳೆಯ ಯಂತ್ರ ಓದಲಾರದ ಸ್ಥಳದಲ್ಲಿ ಅರ್ಥವಿಲ್ಲದ ಚಿಹ್ನೆಯೊಂದನ್ನು ಬಿಟ್ಟು ತನ್ನ ಸೋಲನ್ನು ತಾನೇ ಸಾರುತ್ತಿತ್ತು. ಉತ್ತರವನ್ನು ರಚಿಸಿ ಬರೆಯುವ ಮಾದರಿಯಾದರೋ, ಮಾಸಿಹೋದ ಅಂಕಿಯ ಸ್ಥಾನದಲ್ಲಿ ಸಂಭವನೀಯವಾದ ಅಂಕಿಯೊಂದನ್ನು ತುಂಬಿಬಿಡಬಹುದು. ಹೀಗೆ ತುಂಬಿದುದಕ್ಕೂ ಕಂಡು ಓದಿದುದಕ್ಕೂ ಹೊರಗಿನಿಂದ ನೋಡುವವನಿಗೆ ಯಾವ ವ್ಯತ್ಯಾಸವೂ ತೋರದು.

ಬಿಲ್ಲಿನ ಗಣಿತವೇ ಪ್ರಮಾಣವೆನ್ನುವವರು

ಆದುದರಿಂದಲೇ ನಾಲ್ಕನೆಯದೊಂದು ವಿಚಾರಧಾರೆ, ಓದುವ ವಿಧಾನ ಯಾವುದಾದರೂ ಇರಲಿ, ಓದಿದುದನ್ನು ಬಿಲ್ಲಿನ ಲೆಕ್ಕದಿಂದಲೇ ಪರೀಕ್ಷಿಸಬೇಕೆಂದು ಹೇಳುತ್ತದೆ. ನನ್ನ ಅಭಿಪ್ರಾಯದಲ್ಲಿ ಈ ಕ್ಷೇತ್ರದ ನಿಜವಾದ ಸತ್ತ್ವವಿರುವುದು ಇಲ್ಲಿ. ಯಂತ್ರವು ತನ್ನ ಓದಿನ ಬಗ್ಗೆ ತಾನು ಹೇಳಿಕೊಳ್ಳುವ ವಿಶ್ವಾಸದ ಪ್ರಮಾಣಕ್ಕಿಂತ, ಬಿಲ್ಲಿನೊಳಗಿನ ಸಂಖ್ಯೆಗಳು ಒಂದನ್ನೊಂದು ಸಮರ್ಥಿಸುವ ಸಾಕ್ಷ್ಯ ಬಲವತ್ತರವಾದುದು.

ಒಂದು ಉದಾಹರಣೆಯನ್ನು ವಿವರವಾಗಿಯೇ ನೋಡೋಣ. ಇದರ ಯೂನಿಟ್ ದರಗಳು ಬೆಂಗಳೂರು ನಗರದ ಗೃಹಬಳಕೆಗೆ 2022-23ರಲ್ಲಿದ್ದ ಸ್ಲ್ಯಾಬ್ ದರಗಳು: ಮೊದಲ 50 ಯೂನಿಟ್ಟಿಗೆ 4.15 ರೂಪಾಯಿ, ಮುಂದಿನ 50ಕ್ಕೆ 5.60, ಅದರ ಮುಂದಿನ 100ಕ್ಕೆ 7.15. ಉಳಿದ ಮೊತ್ತಗಳು ನಿದರ್ಶನಕ್ಕಾಗಿ ಕಲ್ಪಿಸಿಕೊಂಡವು. ಹಿಂದಿನ ಮಾಪನ 8346, ಇಂದಿನ ಮಾಪನ 8483, ಬಳಕೆ 137. ನಿಗದಿತ ಶುಲ್ಕ 250.00, ವಿದ್ಯುತ್ ಶುಲ್ಕದ ಮೇಲೆ ನೂರಕ್ಕೆ ಒಂಬತ್ತರಂತೆ ತೆರಿಗೆ 67.68, ಹಳೆಯ ಬಾಕಿ 412.00, ಬಡ್ಡಿ 4.12, ಪಾವತಿಸಬೇಕಾದ ಮೊತ್ತ ರೂಪಾಯಿಗೆ ಸರಿಮಾಡಿ 1486.

```
8483 - 8346 = 137
50×4.15 + 50×5.60 + 37×7.15 = 207.50 + 280.00 + 264.55 = 752.05
752.05 + 250.00 + 67.68 + 412.00 + 4.12 = 1485.85
```

ಯಂತ್ರವು ಇಂದಿನ ಮಾಪನವನ್ನು 8433 ಎಂದು ಓದಿತೆನ್ನಿ. ವ್ಯತ್ಯಾಸ 87 ಆಗುತ್ತದೆ. ಬಿಲ್ಲಿನ ‘ಬಳಕೆ’ ಸಾಲು 137 ಎನ್ನುತ್ತದೆ. ಈ ಎರಡರಲ್ಲಿ ಯಾವುದು ಸರಿಯೆಂಬ ವಿವಾದವನ್ನು ಸ್ಲ್ಯಾಬ್ ಶುಲ್ಕ ತೀರಿಸುತ್ತದೆ: 87 ಯೂನಿಟ್ಟಿಗೆ ವಿದ್ಯುತ್ ಶುಲ್ಕ 414.70 ಆಗಬೇಕಿತ್ತು, ಮುದ್ರಿತವಾದುದು 752.05, ಆದುದರಿಂದ 137ನ್ನೇ ಸ್ವೀಕರಿಸಿ, ಮಾಪನದ ಅಂಕಿಯೊಂದು ಎಂಟರಿಂದ ಮೂರಕ್ಕೆ ಜಾರಿದೆಯೆಂದು ನಿಶ್ಚಯಿಸಬಹುದು. ಮೂರನೆಯ ಸ್ಲ್ಯಾಬಿನ 264.55ನ್ನು 284.55 ಎಂದು ಓದಿದರೆ 37ನ್ನು 7.15ರಿಂದ ಗುಣಿಸಿದ ಕೂಡಲೆ ಸತ್ಯ ಹೊರಬೀಳುತ್ತದೆ. ದಶಮಾಂಶದ ಚುಕ್ಕೆ ಮಾಯವಾಗಿ 75205 ಆದರೆ ತೆರಿಗೆಯ ಅನುಪಾತವೇ ಅದನ್ನು ತಡೆಯುತ್ತದೆ. ಹೀಗೆ ಯೂನಿಟ್ಟು ಮತ್ತು ಸ್ಲ್ಯಾಬ್ ಶುಲ್ಕಗಳು ಎರಡು ಮೂರು ಕಡೆಯಿಂದ ಕಟ್ಟಲ್ಪಟ್ಟ ಸಂಖ್ಯೆಗಳಾಗಿದ್ದು, ಒಂದು ಸಡಿಲವಾದರೆ ಮಿಕ್ಕವು ಹಿಡಿದುಕೊಳ್ಳುತ್ತವೆ.

ಲೆಕ್ಕ ಹೊಂದದಾಗ ಉಳಿಯುವ ಅಂತರವೂ ರೋಗವನ್ನು ಸೂಚಿಸುತ್ತದೆ. ಕೈಯಿಂದ ಬೆರಳಚ್ಚಿಸುವ ಗುಮಾಸ್ತನು ಪಕ್ಕಪಕ್ಕದ ಎರಡು ಅಂಕಿಗಳನ್ನು ಅದಲುಬದಲು ಮಾಡಿದರೆ ಅಂತರವು ಒಂಬತ್ತರಿಂದ ಭಾಗವಾಗುತ್ತದೆಂಬುದು ಲೆಕ್ಕಪತ್ರದವರಿಗೆ ತಿಳಿದ ವಿಷಯ. ಯಂತ್ರ ಹಾಗೆ ಅದಲುಬದಲು ಮಾಡುವುದು ಅಪರೂಪ. ಅದು ಒಂದಂಕಿಯ ಸ್ಥಾನದಲ್ಲಿ ಅದರಂತೆಯೇ ಕಾಣುವ ಇನ್ನೊಂದನ್ನಿಡುತ್ತದೆ. ಬಾಕಿಯ 412ನ್ನು 472 ಎಂದು ಓದಿದರೆ ಕೂಡಿಕೆ 1545.85 ಆಗಿ, ನಿಜವಾದ ಕೂಡಿಕೆಗಿಂತ ಸರಿಯಾಗಿ 60 ಹೆಚ್ಚುತ್ತದೆ. ಹತ್ತರ ಸ್ಥಾನದಲ್ಲಿ ಒಂದು ಏಳಾಗಿದೆಯೆಂಬುದನ್ನು ಆ ಅರುವತ್ತೇ ತೋರಿಸಿಕೊಡುತ್ತದೆ. ಇನ್ನು ಗ್ರಾಹಕನು ಹೆಚ್ಚು ಹಣ ಕಟ್ಟಿದ್ದು ಅದು ‘-412.00’ ಎಂದು ಜಮೆಯಾಗಿ ಮುದ್ರಿತವಾಗಿದ್ದರೆ, ಮಸುಕಾದ ಋಣಚಿಹ್ನೆ ತಪ್ಪಿಹೋದಾಗ ಅಂತರವು 824 ಆಗುತ್ತದೆ, ಅಂದರೆ ಆ ಸಂಖ್ಯೆಯ ಇಮ್ಮಡಿ. ಅಂತರವು ಯಾವುದಾದರೊಂದು ಸಾಲಿನ ಇಮ್ಮಡಿಯಾಗಿ ಬಂದಿತೆಂದರೆ ಚಿಹ್ನೆ ಲುಪ್ತವಾಗಿದೆಯೆಂದು ತಿಳಿಯಬೇಕು.

ಈ ಪರೀಕ್ಷೆಯ ಕಣ್ಣಿಗೆ ಮಣ್ಣೆರಚುವ ತಪ್ಪೂ ಒಂದುಂಟು. ಮೇಲೆ ಹೇಳಿದ ಬಿಳಿಯ ಗೆರೆ, ಒಂದರ ಕೆಳಗೊಂದಾಗಿ ಮುದ್ರಿತವಾದ 8346 ಮತ್ತು 8483ರ ಮೊದಲನೆಯ ಎಂಟುಗಳೆರಡನ್ನೂ ಸವರಿದರೆ ಅವು 3346, 3483 ಎಂದಾಗುತ್ತವೆ. ವ್ಯತ್ಯಾಸ ಮಾತ್ರ ಆಗಲೂ 137. ಆ ತಿಂಗಳ ಲೆಕ್ಕವೆಲ್ಲ ಸರಿಹೊಂದಿ, ಓದಿದ ಮಾಪನಗಳು ಮಾತ್ರ ಸುಳ್ಳಾಗಿರುತ್ತವೆ. ಇದನ್ನು ಹಿಡಿಯಬಲ್ಲುದು ಹಿಂದಿನ ತಿಂಗಳ ಚೀಟಿಯೊಂದೇ, ಏಕೆಂದರೆ ಅಂದಿನ ‘ಇಂದಿನ ಮಾಪನ’ವೇ ಇಂದಿನ ‘ಹಿಂದಿನ ಮಾಪನ’ವಾಗಿರತಕ್ಕದ್ದು. ಬಿಲ್ಲುಗಳನ್ನು ಬಿಡಿಬಿಡಿಯಾಗಿ ಓದುವುದಕ್ಕಿಂತ ಒಂದೇ ಮನೆಯ ಬಿಲ್ಲುಗಳನ್ನು ಸಾಲಾಗಿ ಓದುವುದು ಶ್ರೇಷ್ಠವೆನ್ನುವುದಕ್ಕೆ ಇದು ಕಾರಣ.

ದರಪಟ್ಟಿ ಬದಲಾದಾಗ

ಗಣಿತಪಂಥದ ದೌರ್ಬಲ್ಯವಿರುವುದು ಅದು ಆಧರಿಸಿದ ದರಪಟ್ಟಿಯಲ್ಲಿ. ಕರ್ನಾಟಕದಲ್ಲಿ ಗೃಹಬಳಕೆಯ ದರದ ರಚನೆಯೇ ಸ್ವಲ್ಪ ಕಾಲದಲ್ಲಿ ಎರಡು ಬಾರಿ ಬದಲಾಯಿತು. ಮೇಲಿನ ಉದಾಹರಣೆಯ ಸ್ಲ್ಯಾಬುಗಳು ಮೆಟ್ಟಿಲುಗಳಂತಿದ್ದು, ಮೇಲಿನ ಮೆಟ್ಟಿಲಿಗೆ ಹೋದರೂ ಕೆಳಗಿನ ಯೂನಿಟ್ಟುಗಳಿಗೆ ಕೆಳಗಿನ ದರವೇ ಉಳಿಯುತ್ತಿತ್ತು. 2023ರಲ್ಲಿ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಆದೇಶದಂತೆ, ಬಳಕೆ 100 ಯೂನಿಟ್ಟಿನೊಳಗಿದ್ದರೆ ಯೂನಿಟ್ಟಿಗೆ 4.75 ರೂಪಾಯಿ, ನೂರನ್ನು ಮೀರಿದರೆ ಎಲ್ಲ ಯೂನಿಟ್ಟುಗಳಿಗೂ 7 ರೂಪಾಯಿ ಎಂದಾಯಿತು. ಅದರಂತೆ 100 ಯೂನಿಟ್ಟಿಗೆ 475 ರೂಪಾಯಿಯಾದರೆ 101ಕ್ಕೆ 707. ಹಳೆಯ ಮೆಟ್ಟಿಲು ಲೆಕ್ಕವನ್ನೇ ಅಳವಡಿಸಿಕೊಂಡಿರುವ ಪರೀಕ್ಷಕನಿಗೆ ಆ 707 ತಪ್ಪಾಗಿ ಕಂಡು, ಸರಿಯಾದ ಬಿಲ್ಲೇ ತಿರಸ್ಕೃತವಾದೀತು. 2024ರ ಏಪ್ರಿಲಿನಿಂದ ಸ್ಲ್ಯಾಬುಗಳೇ ಹೋಗಿ, ಎಲ್ಲ ಯೂನಿಟ್ಟುಗಳಿಗೂ 5.90ರ ಏಕದರ ಬಂದಿತು. ಕೇರಳದಲ್ಲಿ ತಿಂಗಳಿಗೆ 250 ಯೂನಿಟ್ಟಿನವರೆಗೆ ಮೆಟ್ಟಿಲಿನ ಕ್ರಮವೂ ಅದರಾಚೆಗೆ ಎಲ್ಲಕ್ಕೂ ಒಂದೇ ದರದ ಕ್ರಮವೂ ಇವೆ. ತಮಿಳುನಾಡಿನಲ್ಲಿ ಎರಡು ತಿಂಗಳಿಗೊಮ್ಮೆ ಬಿಲ್ಲು ಬರುವುದರಿಂದ ಸ್ಲ್ಯಾಬಿನ ಮಿತಿಯನ್ನೂ ಎರಡು ತಿಂಗಳಿಗೇ ಎಣಿಸಬೇಕು.

ಇದಕ್ಕೆ ಎರಡು ಪರಿಹಾರಗಳನ್ನು ಹೇಳುತ್ತಾರೆ. ಪ್ರತಿ ಕಂಪನಿಯ ಪ್ರತಿ ಆದೇಶವನ್ನೂ ದಿನಾಂಕದೊಡನೆ ಸಂಗ್ರಹಿಸಿಟ್ಟುಕೊಳ್ಳಬೇಕೆನ್ನುವವರು ಕೆಲವರು. ಬಿಲ್ಲಿನಲ್ಲಿಯೇ ‘ಯೂನಿಟ್ಟು × ದರ = ಮೊತ್ತ’ ಎಂದು ಮುದ್ರಿತವಾಗಿರುವಲ್ಲಿ ಆ ಸಾಲನ್ನೇ ಪರೀಕ್ಷಿಸಿದರೆ ಸಾಕು, ಹೊರಗಿನ ದರಪಟ್ಟಿ ಬೇಡ ಎನ್ನುವವರು ಇನ್ನು ಕೆಲವರು. ಎರಡನೆಯದು ಹೆಚ್ಚು ವಿವೇಕದ್ದೆಂದು ನನಗೆ ತೋರುತ್ತದೆ. ಅದು ಬಿಲ್ಲನ್ನು ಅದರದೇ ಮಾತಿನಿಂದ ಅಳೆಯುತ್ತದೆ.

2023ರಲ್ಲಿ ಆರಂಭವಾದ ಗೃಹಜ್ಯೋತಿಯು ಇನ್ನೊಂದು ಸಾಲನ್ನು ಸೇರಿಸಿತು. ಆರಂಭದ ನಿಯಮದಂತೆ, 2022-23ರ ಸರಾಸರಿ ಬಳಕೆಗೆ ನೂರಕ್ಕೆ ಹತ್ತನ್ನು ಕೂಡಿಸಿದ ಅರ್ಹತೆಯೊಳಗೆ, 200 ಯೂನಿಟ್ಟಿನ ಮಿತಿಗೊಳಪಟ್ಟು, ಬಿಲ್ಲಿನ ಹಣವನ್ನು ಸರ್ಕಾರ ಭರಿಸುತ್ತಿತ್ತು. ಅಂತಹ ಬಿಲ್ಲಿನಲ್ಲಿ ಕೊನೆಯ ಮೊತ್ತ ಸೊನ್ನೆಯಾಗಿರುವುದು ಸಹಜ. ಸಹಾಯಧನದ ಸಾಲನ್ನು ಬಿಟ್ಟು ಓದಿದ ಯಂತ್ರಕ್ಕೆ ಕೂಡಿಕೆಯಷ್ಟೂ ಅಂತರವಾಗಿ ಉಳಿಯುತ್ತದೆ. ಸೊನ್ನೆಯನ್ನು ‘ಓದಲಾಗಲಿಲ್ಲ’ ಎಂಬುದರೊಡನೆ ಸಮೀಕರಿಸುವ ತಂತ್ರಾಂಶವಂತೂ ಸರಿಯಾದ ಉತ್ತರವನ್ನೇ ಎಸೆದುಬಿಡುತ್ತದೆ.

ಬಾಕಿ ಮತ್ತು ಕೊನೆಯ ದಿನಾಂಕ

ನಾಲ್ಕು ಸಂಗತಿಗಳಲ್ಲಿ ಈ ಎರಡಕ್ಕೆ ಬಿಲ್ಲಿನೊಳಗಿನ ಆಸರೆ ಕಡಮೆ. ಬಾಕಿಯೆಂಬುದು ಈ ತಿಂಗಳ ಯಾವ ಗುಣಾಕಾರದಿಂದಲೂ ಹುಟ್ಟುವುದಲ್ಲ. ಅದು ಹಿಂದಿನಿಂದ ಬಂದು ಕೊನೆಯ ಕೂಡಿಕೆಯಲ್ಲಿ ಸೇರಿಕೊಳ್ಳುವ ಸಂಖ್ಯೆ. ಆದಕಾರಣ ಅದಕ್ಕಿರುವುದು ಒಂದೇ ಬಂಧನ. ಆ ಕೂಡಿಕೆಯ ಬೇರೊಂದು ಸಾಲು ಮಾಸಿಹೋಗಿದ್ದರೆ, ಒಂದು ಸಮೀಕರಣದಲ್ಲಿ ಎರಡು ಅಜ್ಞಾತಗಳಾಗಿ ಬಾಕಿಯನ್ನು ನಿರ್ಣಯಿಸುವ ದಾರಿಯೇ ಮುಚ್ಚುತ್ತದೆ. ಅದಲ್ಲದೆ ಬಾಕಿಯು ಬಿಲ್ಲು ಮುದ್ರಿತವಾದ ಕ್ಷಣದ ಸತ್ಯ. ಹಿಂದಿನ ದಿನ ಕಟ್ಟಿದ ಹಣ ಖಾತೆಗೆ ಏರಿರದಿದ್ದರೆ ಚೀಟಿಯಲ್ಲಿ ಬಾಕಿ ಹಾಗೆಯೇ ಇರುತ್ತದೆ. ಅದನ್ನು ಓದಿದ ಯಂತ್ರ ತಪ್ಪಲಿಲ್ಲ, ಓದಿದುದನ್ನು ಇಂದಿನ ಋಣವೆಂದು ತಿಳಿದವನು ತಪ್ಪಿದನು.

ದಿನಾಂಕದ ಸ್ಥಿತಿ ಇನ್ನೂ ನಿರಾಶ್ರಿತವಾದುದು. ಚೀಟಿಯೊಂದರಲ್ಲಿ ಹಿಂದಿನ ಮಾಪನದ ದಿನ, ಇಂದಿನ ದಿನ, ಪಾವತಿಯ ಕೊನೆಯ ದಿನ ಎಂದು ಮೂರು ದಿನಾಂಕಗಳಾದರೂ ಇರುವುದರಿಂದ, ಅಂಕಿಗಳನ್ನು ಸರಿಯಾಗಿ ಓದಿಯೂ ಬೇರೆ ದಿನಾಂಕವನ್ನು ಎತ್ತಿಕೊಳ್ಳುವುದು ಇಲ್ಲಿನ ಮುಖ್ಯ ಪ್ರಮಾದ. ಬಿಲ್ಲಿನ ದಿನದಿಂದ ಸಾಮಾನ್ಯವಾಗಿ ಹದಿನೈದು ದಿನಗಳ ಅವಧಿಯಿರುವುದೊಂದೇ ಇದಕ್ಕೆ ಆಧಾರ. 05-08ರ ಬಿಲ್ಲಿಗೆ 20-08 ಹೊಂದುತ್ತದೆ. 26-08 ಎಂದು ಬಂದರೆ ಸಂದೇಹಪಡಬೇಕು. ಬಿಲ್ಲಿನ 05-08ನ್ನು ತಿಂಗಳು ಮುಂದಿರುವುದೆಂದು ಭಾವಿಸಿ ಮೇ ಎಂಟೆಂದು ಅರ್ಥಮಾಡಿದರೆ ಅವಧಿಯೇ ಕೂಡದೆ ತಪ್ಪು ಬಯಲಾಗುತ್ತದೆ. ಆದರೆ 20ನ್ನು 21 ಎಂದೋ 19 ಎಂದೋ ಓದಿದರೆ ಅದನ್ನು ಖಂಡಿತವಾಗಿ ಅಲ್ಲಗಳೆಯುವ ಸಾಕ್ಷ್ಯ ಬಿಲ್ಲಿನಲ್ಲಿಲ್ಲ. ಒಂದು ದಿನದ ತಪ್ಪು ಅಂಕಿಯಲ್ಲಿ ಅಲ್ಪ, ಪರಿಣಾಮದಲ್ಲಿ ಅಲ್ಪವಲ್ಲ: ಬಡ್ಡಿಯೂ ಫ್ಯೂಸ್ ಕೀಳುವ ನೋಟೀಸೂ ಆ ದಿನವನ್ನೇ ಅವಲಂಬಿಸಿವೆ. ಇದರ ಮೇಲೆ, ಅನೇಕ ಬಿಲ್ಲುಗಳಲ್ಲಿ ಆ ಗಡುವು ಅನ್ವಯಿಸುವುದು ಈ ತಿಂಗಳ ಮೊತ್ತಕ್ಕೆ ಮಾತ್ರ; ಹಳೆಯ ಬಾಕಿಯನ್ನು ಒಡನೆಯೇ ಕಟ್ಟತಕ್ಕದ್ದು. ಎರಡಕ್ಕೂ ಒಂದೇ ದಿನಾಂಕವನ್ನು ಅಂಟಿಸುವ ತಂತ್ರಾಂಶವು ಅಕ್ಷರವನ್ನು ಓದಿ ಅರ್ಥವನ್ನು ಬಿಟ್ಟಂತಾಯಿತು.

ಇತ್ಯರ್ಥವಾಗದೆ ಉಳಿದುವು

ಮೊದಲನೆಯದಾಗಿ, ಸರಿಯಾದ ಓದು ಎಂದರೆ ಏನೆಂಬುದರಲ್ಲಿಯೇ ಒಮ್ಮತವಿಲ್ಲ. ಬಾಗಿಲು ಹಾಕಿದ್ದ ಮನೆಗೆ ಸರಾಸರಿಯ ಮೇಲೆ ಬಿಲ್ಲು ಹಾಕಿದಾಗ, ಹೊಸ ಮೀಟರು ಕೂಡಿಸಿದಾಗ, ಮಾಪಕ ತುಂಬಿ ಸೊನ್ನೆಗೆ ತಿರುಗಿದಾಗ, ಮಾಪನಗಳ ವ್ಯತ್ಯಾಸವು ಬಳಕೆಗೆ ಸಮನಾಗುವುದಿಲ್ಲ. ಕೆಲವೊಮ್ಮೆ ಬಿಲ್ಲೇ ತಪ್ಪಾಗಿರುತ್ತದೆ. ಲೆಕ್ಕದ ಬಲದಿಂದ ಯಂತ್ರವು ಸಂಖ್ಯೆಯನ್ನು ತಿದ್ದಿಕೊಟ್ಟರೆ, ಗ್ರಾಹಕನು ದೂರು ಕೊಡಬೇಕಾಗಿದ್ದ ತಪ್ಪೇ ಕಣ್ಮರೆಯಾಗುತ್ತದೆ. ಕಂಡದ್ದನ್ನು ಕಂಡಂತೆ ಬರೆಯುವುದೋ ಇರಬೇಕಾದ್ದನ್ನು ಬರೆಯುವುದೋ ಎಂಬ ಈ ವಿವಾದದಲ್ಲಿ, ಎರಡನ್ನೂ ಬೇರೆಬೇರೆಯಾಗಿ ಬರೆದಿಡಬೇಕೆಂಬ ಪಕ್ಷವೇ ನನಗೆ ಯುಕ್ತವೆಂದು ಕಾಣುತ್ತದೆ. ಆದರೆ ಎರಡು ಉತ್ತರಗಳನ್ನು ಕಂಡ ಸಾಮಾನ್ಯ ಗ್ರಾಹಕನು ಯಾವುದನ್ನು ನಂಬಬೇಕೆಂಬ ಪ್ರಶ್ನೆಗೆ ಆ ಪಕ್ಷದವರಲ್ಲಿಯೂ ಉತ್ತರ ಸಿದ್ಧವಾಗಿಲ್ಲ.

ಎರಡನೆಯದಾಗಿ, ಉತ್ತರವನ್ನು ರಚಿಸಿ ಬರೆಯುವ ಮಾದರಿಗೆ ಬಿಲ್ಲಿನ ಗಣಿತವೂ ತಿಳಿದಿರುವುದಾದರೆ, ಅದು ಕಾಣದ ಅಂಕಿಯನ್ನು ಲೆಕ್ಕಕ್ಕೆ ಹೊಂದುವಂತೆಯೇ ತುಂಬಬಹುದು. ಆಗ ಗಣಿತದ ಪರೀಕ್ಷೆಯು ಸ್ವತಂತ್ರಸಾಕ್ಷಿಯಾಗಿ ಉಳಿಯುವುದಿಲ್ಲ. ಓದುವವನೂ ಪರೀಕ್ಷಕನೂ ಬೇರೆಯಾಗಿರಬೇಕೆಂಬುದು ಸುಲಭವಾದ ಮಾತು. ಎಷ್ಟರಮಟ್ಟಿಗೆ ಬೇರೆಯಾಗಿದ್ದರೆ ಸಾಕೆಂಬುದು ತೀರ್ಮಾನವಾಗಿಲ್ಲ. ಮೂರನೆಯದು ಗೋಪ್ಯತೆಯದು: ಹೆಸರು, ವಿಳಾಸ, ಆರ್.ಆರ್. ನಂಬರು, ಮನೆಯಲ್ಲಿ ಯಾವ ತಿಂಗಳು ಯಾರೂ ಇರಲಿಲ್ಲವೆಂಬ ಸೂಚನೆ, ಇವೆಲ್ಲವೂ ಒಂದು ಚಿತ್ರದಲ್ಲಿರುವಾಗ ಓದುವ ಕಾರ್ಯ ಮೊಬೈಲಿನೊಳಗೇ ಮುಗಿಯಬೇಕೋ ದೂರದ ಯಂತ್ರಕ್ಕೆ ಹೋಗಬಹುದೋ ಎಂಬುದು. ಸಣ್ಣ ಮಾದರಿಗಳು ಕನ್ನಡದ ಶೀರ್ಷಿಕೆಗಳನ್ನು ತೃಪ್ತಿಕರವಾಗಿ ಓದುವವರೆಗೂ ಈ ಪ್ರಶ್ನೆ ಹಾಗೆಯೇ ಉಳಿಯುವುದು.

ಈ ಕಷ್ಟಗಳಲ್ಲಿ ಹೆಚ್ಚಿನವನ್ನು ಬಿಲ್ಲು ಕೊಡುವವರೇ ನಿವಾರಿಸಬಹುದಾಗಿದೆ. ಸರಕು ಮತ್ತು ಸೇವಾ ತೆರಿಗೆಯ ಇ-ಇನ್‌ವಾಯ್ಸುಗಳಲ್ಲಿ ಮುಖ್ಯ ವಿವರಗಳನ್ನು ಸಹಿಸಹಿತವಾಗಿ ಕ್ಯೂಆರ್ ಚೌಕದೊಳಗೆ ಅಡಗಿಸುವ ಪದ್ಧತಿ ನಮ್ಮ ದೇಶದಲ್ಲಿ 2020ರಿಂದಲೇ ನಡೆದಿದೆ. ಎರಡು ಸಾವಿರಕ್ಕೂ ಮಿಕ್ಕಿ ಅಕ್ಷರಗಳನ್ನು ಹಿಡಿಯಬಲ್ಲ ಆ ಚೌಕದಲ್ಲಿ ಮಾಪನಗಳೆರಡು, ಯೂನಿಟ್ಟು, ಪ್ರತಿ ಸ್ಲ್ಯಾಬಿನ ದರ ಮತ್ತು ಮೊತ್ತ, ಚಿಹ್ನೆಸಹಿತವಾದ ಬಾಕಿ, ಕೊನೆಯ ದಿನಾಂಕ ಇಷ್ಟೂ ನಿರಾಯಾಸವಾಗಿ ಸೇರುತ್ತವೆ. ನಮ್ಮ ಐದು ವಿತರಣಾ ಕಂಪನಿಗಳೂ ನಿಯಂತ್ರಣ ಆಯೋಗವೂ ಈ ಒಂದು ಚೌಕವನ್ನು ಬಿಲ್ಲಿನ ತಲೆಯ ಭಾಗದಲ್ಲಿ, ಮಡಿಕೆ ಬೀಳದ ಕಡೆಯಲ್ಲಿ, ಕಡ್ಡಾಯವಾಗಿ ಮುದ್ರಿಸುವಂತಾಗಬೇಕು. ಅಲ್ಲಿಯವರೆಗೆ, ಚಿತ್ರದಿಂದ ಓದಿಸಿಕೊಳ್ಳುವವರು ಯೂನಿಟ್ಟು ಮತ್ತು ಸ್ಲ್ಯಾಬ್ ಶುಲ್ಕಗಳನ್ನು ಲೆಕ್ಕದ ಪರೀಕ್ಷೆಗೆ ಬಿಟ್ಟು, ಬಾಕಿಯನ್ನೂ ಕೊನೆಯ ದಿನಾಂಕವನ್ನೂ ತಮ್ಮ ಕಣ್ಣಿನಿಂದಲೇ ಒಮ್ಮೆ ಚೀಟಿಯ ಮೇಲೆ ನೋಡಿಕೊಳ್ಳಬೇಕು.